ಹಳ್ಳಿ ಮನೆಯಲ್ಲಿ ಕೂತು ಒಪ್ಪಿಗೆ ಕೇಳೋವಾಗ ಏನ್ ಹೇಳ್ಬೇಕು, ಹೆಂಗ್ ಹೇಳ್ಬೇಕು

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಪಬ್ಲಿಕ್ ಹೆಲ್ತ್ ಪಿಎಚ್‌ಡಿ ಮಾಡ್ತಿದೀನಿ. ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ಕುಡಿಯೋ ನೀರಿನ ಫ್ಲೋರೈಡ್ ಬಗ್ಗೆ ಸ್ಟಡಿ. ಒಂದಷ್ಟು ಪ್ರಶ್ನೆ ಕೇಳ್ತೀವಿ, ಮನೆ ನೀರು ತಗೋತೀವಿ, ಮೂತ್ರದ ಸ್ಯಾಂಪಲ್, ಹಲ್ಲಿನ ಫೋಟೋ. ಕನ್ಸೆಂಟ್ ಫಾರ್ಮ್ 6 ಪುಟ ಇದೆ, ಓದೋಕೆ ಶುರು ಮಾಡಿದ್ರೆ ಎರಡನೇ ಪುಟಕ್ಕೇ "ಹೆಬ್ಬೆಟ್ಟು ಎಲ್ಲಿ ಒತ್ಬೇಕು ಹೇಳಪ್ಪ" ಅಂತಾರೆ. ಬಾಯಲ್ಲೇ ಹೇಳೋ ಒಂದು ಸ್ಕ್ರಿಪ್ಟ್ ಮಾಡ್ಬೇಕು ಅಂತಿದೀನಿ. ಬೇಡ ಅನ್ಬಹುದು ಅನ್ನೋದನ್ನ, ಡೇಟಾ ಗುಟ್ಟಾಗಿ ಇಡ್ತೀವಿ ಅನ್ನೋದನ್ನ ಅವ್ರಿಗೆ ಅರ್ಥ ಆಗೋ ಹಂಗೆ ಹೆಂಗ್ ಹೇಳೋದು?

ಉತ್ತರ: ಅವ್ರು ಹೆಬ್ಬೆಟ್ಟು ಎಲ್ಲಿ ಅಂತ ಕೇಳ್ತಿದಾರೆ ಅಂದ್ರೆ ನೀವು ಬಾಯಿ ಬಿಡೋಕೆ ಮುಂಚೆನೇ ಅವ್ರ ತೀರ್ಮಾನ ಮುಗಿದಿದೆ ಅಂತ ಅರ್ಥ. ಆಶಾ ಅಕ್ಕ ಕರ್ಕೊಂಡು ಬಂದಿದಾಳೆ, ಜೊತೆಗೆ ಪಂಚಾಯ್ತಿ ಮೆಂಬರ್ರು ನಿಂತಿದಾರೆ, ಕೈಯಲ್ಲಿ ಫೈಲು, ಕತ್ತಲ್ಲಿ ಐಡಿ ಕಾರ್ಡು, ಇಷ್ಟಾದ್ಮೇಲೆ ಅವ್ರ ಕಣ್ಣಿಗೆ ನೀವು ಸರ್ಕಾರದೋರೇ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಟೀಚರ್‌ಗಳು ಮನೆಮನೆ ಸುತ್ತಿದ್ದು ಇನ್ನೂ ಎಲ್ರಿಗೂ ನೆನಪಿದೆ, ಅದ್ರ ಮೇಲೆ ಬಿಪಿಎಲ್ ಕಾರ್ಡ್ ರದ್ದಾಗತ್ತೆ, ಗೃಹಲಕ್ಷ್ಮಿ ದುಡ್ಡು ನಿಂತೋಗತ್ತೆ ಅನ್ನೋ ಭಯ ಬೇರೆ, ಹಂಗಾಗಿ ಮನೆಗೆ ಬಂದು ಬರ್ಕೊಳ್ಳೋರಿಗೆ ಹೂಂ ಅನ್ನೋದೇ ಕ್ಷೇಮ ಅಂತ ಜನ ಅಂದ್ಕೊಂಡಿರ್ತಾರೆ. ಸ್ಕ್ರಿಪ್ಟ್ ಬರೆಯೋವಾಗ ಎಲ್ರೂ "ಹೆಂಗೆ ಒಪ್ಸೋದು" ಅಂತ ಯೋಚ್ನೆ ಮಾಡ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಒಪ್ಸೋದು ಕಷ್ಟವೇ ಅಲ್ಲ, ಅವ್ರು ಬೇಡ ಅನ್ನೋದೇ ಕಷ್ಟ. ನಿಮ್ಮ ಸ್ಕ್ರಿಪ್ಟಿನ ಪ್ರತಿ ಸಾಲನ್ನೂ ಬರೆದಾದ್ಮೇಲೆ ಒಂದೇ ಪ್ರಶ್ನೆ ಹಾಕಿ ನೋಡಿ, ಈ ಸಾಲು ಕೇಳಿದ್ಮೇಲೆ ಆ ಅಜ್ಜಿಗೆ ಬೇಡ ಅನ್ನೋದು ಸುಲಭ ಆಯ್ತಾ, ಇನ್ನೂ ಕಷ್ಟ ಆಯ್ತಾ?

ಮೊದ್ಲು ಯಾರು ಎದುರಿಗೆ ನಿಂತಿರ್ಬೇಕು ಅನ್ನೋದು ತೀರ್ಮಾನ ಆಗ್ಬೇಕು, ಯಾಕಂದ್ರೆ ನಿಂತಿರೋರು ತಪ್ಪಾದ್ರೆ ಎಂಥಾ ಒಳ್ಳೇ ಮಾತೂ ಉಪಯೋಗ ಇಲ್ಲ. ಊರೊಳಗೆ ಕಾಲಿಡೋಕೆ ಪಂಚಾಯ್ತಿಯೋರ ಹತ್ರ, ಊರಿನ ಹಿರೀಕರ ಹತ್ರ, ಹಟ್ಟಿ ಆದ್ರೆ ಹಟ್ಟಿ ಯಜಮಾನ್ರ ಹತ್ರ, ತಾಂಡಾ ಆದ್ರೆ ನಾಯಕರ ಹತ್ರ ಹೇಳ್ಲೇಬೇಕು, ಅದು ಮರ್ಯಾದೆ. ಆದ್ರೆ ಅವ್ರು ಹೂಂ ಅಂದಿದ್ದು ನಿಮ್ಗೆ ಊರಿಗೆ ಬರೋಕೆ ಮಾತ್ರ, ಮನೆಯೊಳಗಿರೋ ಒಬ್ಬೊಬ್ಬರ ಒಪ್ಪಿಗೆ ಅದ್ರಲ್ಲಿ ಸೇರಿಲ್ಲ, ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನ ಸ್ಪಷ್ಟವಾಗಿ ಹೇಳತ್ತೆ. ಆಶಾ ಅಕ್ಕ ಮನೆ ತೋರ್ಸಿ, ಇವ್ರು ಇಂಥೋರು ಅಂತ ಪರಿಚಯ ಮಾಡ್ಕೊಟ್ಟು ಮುಂದಿನ ಮನೆಗೆ ಹೋಗ್ಲಿ. ಅವ್ರು ಎದುರಿಗೆ ಕೂತಿರೋವಾಗ ಬಾಣಂತಿ ಇರೋ ಮನೆಯೋರು, ಶುಗರ್ ಮಾತ್ರೆ ಅವ್ರ ಕೈಯಿಂದ ಇಸ್ಕೊಳ್ಳೋರು ಹೆಂಗೆ ಬೇಡ ಅಂತಾರೆ ಹೇಳಿ? ಇನ್ನು ಟೈಮು. ಶೇಂಗಾ ಬಿಡಿಸೋ ದಿನಗಳಲ್ಲಿ ಬೆಳಿಗ್ಗೆ 10 ಗಂಟೆಗೆ ಹೋದ್ರೆ ಮನೇಲಿ ಸಿಗೋರು ವಯಸ್ಸಾದೋರು ಮಾತ್ರ, ಅವ್ರನ್ನ ಒಬ್ಬರನ್ನೇ ಹಿಡ್ಕೊಂಡು ಹೆಬ್ಬೆಟ್ಟು ತಗೊಂಡು ಬಂದ್ರೆ ಸಂಜೆ ಮಗ ಬಂದು ಅವ್ರನ್ನೇ ಬೈತಾನೆ. ಹಿಂದಿನ ದಿನ ಸಂಜೆ ಹೋಗಿ ಒಂದು ಪುಟದ ಚೀಟಿ ಕೊಟ್ಟು, ನಾಳೆ ಬರ್ತೀವಿ ಯೋಚ್ನೆ ಮಾಡಿರಿ ಅಂತ ಹೇಳಿ ಬನ್ನಿ. ಒಂದು ರಾತ್ರಿ ಸಿಕ್ಕಿದ್ರೆ ಮನೇಲಿ ಮಾತಾಡ್ಕೊಂತಾರೆ, ಬೇಡ ಅನ್ನೋರು ಆಗ ಧೈರ್ಯವಾಗಿ ಬೇಡ ಅಂತಾರೆ.

ಈಗ ಮಾತಿನ ಶುರು. ನಾನು ಹೇಳ್ಕೊಡೋ ಟೀಮ್‌ಗಳಿಗೆ ಹೆಚ್ಚೂಕಮ್ಮಿ ಹಿಂಗೆ ಬರ್ಕೊಡ್ತೀನಿ, ನೀವು ನಿಮ್ಮ ಊರಿನ ಮಾತಿಗೆ ತಕ್ಕಂಗೆ ಬದಲಾಯಿಸ್ಕೊಳ್ಳಿ:

"ನಮಸ್ಕಾರ ಅಮ್ಮ. ನಾನು ಚಿತ್ರದುರ್ಗದಲ್ಲಿ ಓದ್ತಾ ಇದೀನಿ, ಓದಿನ ಭಾಗವಾಗಿ ಈ ಕಡೆ ಊರುಗಳ ಕುಡಿಯೋ ನೀರಿನ ಬಗ್ಗೆ ತಿಳ್ಕೊಳ್ಳೋಕೆ ಬಂದಿದೀನಿ. ನಾನು ಸರ್ಕಾರದ ಕಡೆಯೋನಲ್ಲ. ಇದು ರೇಷನ್ ಕಾರ್ಡಿಗೆ, ಗೃಹಲಕ್ಷ್ಮಿಗೆ, ಪಿಂಚಣಿಗೆ ಸಂಬಂಧ ಪಟ್ಟಿದ್ದಲ್ಲ. ನೀವು ಸೇರಿದ್ರೆ ಅದ್ಯಾವುದೂ ಹೊಸದಾಗಿ ಬರಲ್ಲ, ಸೇರ್ಲಿಲ್ಲ ಅಂದ್ರೆ ಅದ್ಯಾವುದೂ ಹೋಗಲ್ಲ. ಒಂದು ಹತ್ತು ನಿಮಿಷ ಇದೇನು ಅಂತ ಹೇಳ್ತೀನಿ, ಕೇಳಿದ್ಮೇಲೆ ಬೇಕಾದ್ರೆ ಸೇರ್ಕೊಳ್ಳಿ, ಬೇಡ ಅಂದ್ರೆ ಬೇಡ ಅನ್ನಿ. ಈಗ ಕೇಳೋಕೆ ಪುರುಸೊತ್ತು ಐತಾ, ಇನ್ನೊಂದು ಟೈಮಿಗೆ ಬರ್ಲಾ?"

ಗಮನಿಸಿ, ಬೇಡ ಅನ್ಬಹುದು ಅನ್ನೋ ಮಾತು ಮೊದಲ ಒಂದು ನಿಮಿಷದಲ್ಲೇ ಬಂತು. ಫಾರ್ಮ್‌ಗಳಲ್ಲಿ ಇದು ಕೊನೇ ಪುಟದಲ್ಲಿ ಇರತ್ತೆ, ಅಷ್ಟೊತ್ತಿಗೆ ಅವ್ರು ಕಾಫಿ ಕಾಸಿ ಕೊಟ್ಟಿರ್ತಾರೆ, ಅರ್ಧ ಗಂಟೆ ಕೂತಿರ್ತಾರೆ, ಮನೆಗೆ ಬಂದೋರನ್ನ ಬರಿಗೈಯಲ್ಲಿ ಕಳಿಸ್ಬಾರ್ದು ಅಂತ ಅವ್ರಿಗೇ ಅನ್ಸತ್ತೆ. ಇನ್ನೊಂದು, ಕೊನೇ ಪ್ರಶ್ನೆ. "ಪುರುಸೊತ್ತು ಐತಾ" ಅಂತ ಕೇಳಿದಾಗ ಅವ್ರು "ಇಲ್ಲಪ್ಪ, ಎಮ್ಮೆ ಕರೀಬೇಕು" ಅಂದ್ರೆ, ನೀವು ಬೇಜಾರಿಲ್ದೆ "ಸರಿ ಅಮ್ಮ" ಅಂತ ಎದ್ದು ನಿಂತ್ರೆ, ಇವ್ರಿಗೆ ಬೇಡ ಅಂದ್ರೂ ನಡೆಯತ್ತೆ ಅನ್ನೋದು ಅಲ್ಲೇ ಕಣ್ಣಾರೆ ಗೊತ್ತಾಗತ್ತೆ. ಆಮೇಲೆ ಎಷ್ಟು ಸಲ ಬಾಯಲ್ಲಿ ಹೇಳಿದ್ರೂ ಅಷ್ಟು ತಿಳಿಯಲ್ಲ.

ಆಮೇಲೆ ಏನ್ ಮಾಡ್ತೀರಿ ಅನ್ನೋದು. ಇಲ್ಲಿ ಒಂದೊಂದನ್ನೂ ಬೇರೆ ಬೇರೆ ಹೇಳಿ, ಬೇರೆ ಬೇರೆನೇ ಕೇಳಿ. ನಿಮ್ದ್ರಲ್ಲಿ ನಾಲ್ಕು ಕೆಲಸ ಇದಾವೆ, ಪ್ರಶ್ನೆ, ನೀರು, ಮೂತ್ರ, ಫೋಟೋ. ನಾಲ್ಕೂ ಸೇರ್ಸಿ ಒಂದೇ ಹೆಬ್ಬೆಟ್ಟು ಇಸ್ಕೊಂಡ್ರೆ ಹಲ್ಲಿನ ಫೋಟೋ ಇಷ್ಟ ಇಲ್ಲದೋರು ಒಂದೋ ಪೂರ್ತಿ ಬೇಡ ಅಂತಾರೆ, ಇಲ್ಲಾ ಮುಜುಗರ ಪಟ್ಕೊಂಡು ಬಾಯಿ ತೆಗೀತಾರೆ. ಈ ಭಾಗದಲ್ಲಿ ಹಲ್ಲು ಹಳದಿ, ಕಂದು ಕಲೆ ಅನ್ನೋದು ಸಣ್ಣ ವಿಷ್ಯ ಅಲ್ಲ, ಮದುವೆ ವಯಸ್ಸಿನ ಹುಡುಗೀರು ನಗೋವಾಗ ಸೆರಗು ಅಡ್ಡ ಹಿಡಿಯೋದನ್ನ ನೀವೇ ನೋಡಿರ್ತೀರ. ಅವ್ರಿಗೆ ಫೋಟೋ ಬಿಟ್ಟು ಮಿಕ್ಕಿದ್ದಕ್ಕೆ ಒಪ್ಕೊಳ್ಳೋ ದಾರಿ ಇರ್ಬೇಕು. ಫಾರ್ಮಿನಲ್ಲಿ ನಾಲ್ಕು ಬಾಕ್ಸ್ ಮಾಡಿ, ಒಂದೊಂದಕ್ಕೂ ಹೌದು, ಇಲ್ಲ.

"ಮೊದ್ಲು ನೀರು ಎಲ್ಲಿಂದ ತರ್ತೀರ, ಎಷ್ಟು ವರ್ಷದಿಂದ ಕುಡೀತಿದೀರ, ಮೈಕೈ ನೋವು ಐತಾ ಅಂತ ಕೇಳ್ತೀನಿ, ಅರ್ಧ ಗಂಟೆ ಆಗತ್ತೆ. ಯಾವುದಕ್ಕಾದ್ರೂ ಉತ್ತರ ಹೇಳೋಕೆ ಇಷ್ಟ ಇಲ್ಲ ಅಂದ್ರೆ ಮುಂದಕ್ಕೆ ಹೋಗು ಅನ್ನಿ. ಎರಡನೇದು, ನೀವು ಕುಡಿಯೋ ನೀರು ಒಂದು ಬಾಟ್ಲು ತಗೊಂಡು ಹೋಗ್ತೀನಿ. ಮೂರನೇದು, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಡ್ತೀನಿ, ಅದ್ರಲ್ಲಿ ನಿಮ್ಮ ಉಚ್ಚೆ ಸ್ವಲ್ಪ ಹಿಡಿದು ಕೊಡ್ಬೇಕು, ಕವರ್‌ನಲ್ಲಿ ಹಾಕಿರ್ತೀವಿ, ಯಾರಿಗೂ ಕಾಣಲ್ಲ. ಅದ್ರಲ್ಲಿ ಫ್ಲೋರೈಡ್ ಎಷ್ಟೈತೆ ಅಂತ ಮಾತ್ರ ನೋಡ್ತೀವಿ, ಬೇರೆ ಯಾವ ಪರೀಕ್ಷೆನೂ ಮಾಡಲ್ಲ, ಮುಗಿದ್ಮೇಲೆ ಚೆಲ್ತೀವಿ. ನಾಲ್ಕನೇದು, ಹಲ್ಲಿಂದು ಒಂದು ಫೋಟೋ, ಬಾಯಿ ಮಾತ್ರ, ಮುಖ ಬರಲ್ಲ."

"ಬೇರೆ ಯಾವ ಪರೀಕ್ಷೆನೂ ಮಾಡಲ್ಲ" ಅನ್ನೋ ಮಾತು ಹೇಳ್ಬೇಕು ಅಂದ್ರೆ ನಿಜವಾಗ್ಲೂ ಮಾಡ್ಬಾರ್ದು. ಲ್ಯಾಬ್‌ನೋರು ಹೆಂಗೂ ಸ್ಯಾಂಪಲ್ ಇದೆಯಲ್ಲ, ಶುಗರ್, ಪ್ರೋಟೀನೂ ನೋಡ್ಬಿಡೋಣ ಅಂತಾರೆ. ನೋಡಿದ್ರೆ, ಸಕ್ಕರೆ ಕಂಡ್ರೆ, ಆ ಮನುಷ್ಯಂಗೆ ಹೇಳೋ ಜವಾಬ್ದಾರಿ ನಿಮ್ದಾಗತ್ತೆ, ಹೇಳೋಕೆ ಮತ್ತೆ ಆ ಮನೆ ಹುಡುಕ್ಕೊಂಡು ಹೋಗ್ಬೇಕು, ಯಾವ ಆಸ್ಪತ್ರೆಗೆ ಕಳಿಸ್ತೀರಿ ಅನ್ನೋದೂ ಮೊದ್ಲೇ ತೀರ್ಮಾನ ಆಗಿರ್ಬೇಕು. ಮಾಡೋದಿದ್ರೆ ಅದನ್ನೂ ಸ್ಕ್ರಿಪ್ಟಿಗೆ ಸೇರ್ಸಿ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಳ್ಳಿ, ಇಲ್ಲಾಂದ್ರೆ ಬಿಟ್ಬಿಡಿ.

ಜನ ಸೇರೋಕೆ ಒಂದು ದೊಡ್ಡ ಕಾರಣ ಮಂಡಿ ನೋವು, ಸೊಂಟ ನೋವು. ಬಿಳಿ ಕೋಟು ಇಲ್ದೆ ಇದ್ರೂ ಡಬ್ಬಿ, ಬಾಟ್ಲು ನೋಡಿದ ತಕ್ಷಣ ಇವ್ರು ಪರೀಕ್ಷೆ ಮಾಡಿ ಮಾತ್ರೆ ಕೊಡ್ತಾರೆ ಅಂತ ಅಂದ್ಕೊಂತಾರೆ. ಒಂದು ಸಲ ಹಿಡಿದ ಮೂತ್ರದಲ್ಲಿ ಗೊತ್ತಾಗೋದು ಇತ್ತೀಚೆಗೆ ಮೈಯೊಳಗೆ ಎಷ್ಟು ಫ್ಲೋರೈಡ್ ಹೋಗಿದೆ ಅನ್ನೋದು, ಅದ್ರಿಂದ ಆ ಒಬ್ಬರ ಮಂಡಿ ನೋವು ಫ್ಲೋರೈಡ್ ಜಾಸ್ತಿ ಆಗಿ ಬರೋ ಫ್ಲೋರೋಸಿಸ್‌ನಿಂದನೇ ಬಂದಿದೆ ಅಂತ ಹೇಳೋಕಾಗಲ್ಲ. ಇದನ್ನ ಸ್ಕ್ರಿಪ್ಟಿನಲ್ಲಿ ಬಾಯ್ಬಿಟ್ಟು ಹೇಳ್ಬೇಕು: "ಈ ಪರೀಕ್ಷೆಯಿಂದ ನಿಮ್ಮ ನೋವು ಯಾಕೆ ಬಂತು ಅಂತ ಗೊತ್ತಾಗಲ್ಲ ಅಮ್ಮ. ನಾವು ಔಷಧಿ ಕೊಡಲ್ಲ. ನಿಮ್ಗೆ ನೇರವಾಗಿ ಇದ್ರಿಂದ ಲಾಭ ಇಲ್ಲ. ಈ ಕಡೆ ನೀರಲ್ಲಿ ಎಷ್ಟು ಫ್ಲೋರೈಡ್ ಐತೆ, ಜನರ ಮೈಗೆ ಎಷ್ಟು ಹೋಗ್ತೈತೆ ಅಂತ ತಿಳ್ಕೊಳ್ಳೋಕೆ ಮಾಡ್ತಿರೋದು." ಹಿಂಗೆ ಹೇಳಿದ್ರೆ ಕೆಲವರು ಎದ್ದು ಹೋಗ್ತಾರೆ. ಹೋಗ್ಲಿ. ಔಷಧಿ ಆಸೆಗೆ ಕೂತಿದ್ದೋರು ಅವ್ರು, ಅವ್ರನ್ನ ಕೂರ್ಸಿಟ್ಕೊಂಡು ಪಡೆದ ಒಪ್ಪಿಗೆ ಒಪ್ಪಿಗೆನೇ ಅಲ್ಲ.

ದುಡ್ಡಿನ ವಿಷ್ಯ ಬೇಗ ಮುಗಿಸ್ತೀನಿ. ಕೂಲಿ ಬಿಟ್ಟು ಕೂತಿರ್ತಾರೆ, ಹೋದ ಹೊತ್ತಿಗೆ ತಕ್ಕ ಕೂಲಿ ಕೊಡೋದು ನ್ಯಾಯ, ಎಷ್ಟು ಅಂತ ಕಮಿಟಿಗೆ ಮೊದ್ಲೇ ಬರೆದು ಒಪ್ಪಿಗೆ ತಗೊಳ್ಳಿ. ದುಡ್ಡಿಗೋಸ್ಕರನೇ ಒಪ್ಕೊಳ್ಳೋ ಅಷ್ಟು ದೊಡ್ಡ ಮೊತ್ತ ಆಗ್ಬಾರ್ದು. ಮಧ್ಯದಲ್ಲಿ ಸಾಕು ಅಂತ ಎದ್ರೂ ಕೊಡಿ, ಕೊಡ್ತೀವಿ ಅಂತ ಶುರುನಲ್ಲೇ ಹೇಳಿ. ಮುಗಿಸಿದ್ರೆ ಮಾತ್ರ ದುಡ್ಡು ಅಂದ್ರೆ ಎದ್ದು ಹೋಗೋ ಹಕ್ಕಿಗೆ ನೀವೇ ಬೆಲೆ ಕಟ್ಟಿದಂಗಾಗತ್ತೆ.

ಈಗ ಗುಟ್ಟಿನ ವಿಷ್ಯಕ್ಕೆ ಬರೋಣ, ಸ್ಕ್ರಿಪ್ಟುಗಳು ಜಾಸ್ತಿ ಕೆಡೋದು ಇಲ್ಲೇ. "ನಿಮ್ಮ ಮಾಹಿತಿ ಸಂಪೂರ್ಣ ಗೌಪ್ಯವಾಗಿರುತ್ತದೆ" ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ಆ ಸಾಲು ಸುಳ್ಳು. ನಿಮ್ಮ ಗೈಡ್ ನೋಡ್ತಾರೆ, ಎಥಿಕ್ಸ್ ಕಮಿಟಿಯೋರು ಕೇಳಿದ್ರೆ ರೆಕಾರ್ಡ್ ತೋರಿಸ್ಬೇಕು, ಫೀಲ್ಡ್ ಹುಡುಗರ ಫೋನಲ್ಲಿ ಇರತ್ತೆ. ಯಾರು ನೋಡ್ತಾರೆ, ಯಾರು ನೋಡಲ್ಲ ಅಂತ ಜನಗಳ ಹೆಸರು ಹಿಡಿದು ಹೇಳಿ, ಹಳ್ಳಿಯೋರ ಭಯ ಇರೋದು ಅಪರಿಚಿತರ ಮೇಲಲ್ಲ, ಅವ್ರ ಭಯ ಪಕ್ಕದ ಮನೆ, ಪಂಚಾಯ್ತಿ, ಬೀಗರು:

"ನಿಮ್ಮ ಹೆಸರು, ಫೋನ್ ನಂಬರ್ ಒಂದು ಪಟ್ಟೀಲಿ ಇರತ್ತೆ. ನೀವು ಹೇಳಿದ ಉತ್ತರ, ಪರೀಕ್ಷೆ ರಿಸಲ್ಟು ಇನ್ನೊಂದು ಕಡೆ ಇರತ್ತೆ, ಅಲ್ಲಿ ಹೆಸರಿಲ್ಲ, ಬರೀ ಒಂದು ನಂಬರ್ ಇರತ್ತೆ. ಯಾವ ನಂಬರ್ ಯಾರ್ದು ಅಂತ ನಂಗೆ, ನಮ್ಮ ಗೈಡ್‌ಗೆ ಮಾತ್ರ ಗೊತ್ತು. ನಾವು ಸರಿಯಾಗಿ ಕೆಲ್ಸ ಮಾಡ್ತಿದೀವಾ ಅಂತ ನೋಡೋಕೆ ಕಾಲೇಜಿನ ಕಮಿಟಿಯೋರು ಕೇಳಿದ್ರೆ ಅವ್ರಿಗೂ ತೋರಿಸ್ಬೇಕು. ಪಂಚಾಯ್ತಿಯೋರಿಗೆ, ಆಶಾ ಅಕ್ಕಂಗೆ, ಪಕ್ಕದ ಮನೆಯೋರಿಗೆ, ನಿಮ್ಮ ಮನೆಯೋರಿಗೂ ನಿಮ್ಮ ಉತ್ತರ ಹೇಳಲ್ಲ. ಆಧಾರ್ ನಂಬರ್ ಕೇಳಲ್ಲ, ಬ್ಯಾಂಕ್ ಪಾಸ್‌ಬುಕ್ ಕೇಳಲ್ಲ, ಓಟಿಪಿ ಬರಲ್ಲ. ಪುಸ್ತಕದಲ್ಲಿ ಬರೆಯೋವಾಗ ತಾಲೂಕಿನ ಹೆಸರು ಬರೀತೀವಿ, ನಿಮ್ಮ ಊರಿನ ಹೆಸರು ಬರೆಯಲ್ಲ."

ಓಟಿಪಿ ಸಾಲು ಬಿಡ್ಬೇಡಿ. ಫೋನಿಗೆ ಬಂದ ನಂಬರ್ ಹೇಳಿ ದುಡ್ಡು ಕಳ್ಕೊಂಡೋರ ಕಥೆ ಎಲ್ಲಾ ಊರಲ್ಲೂ ಒಂದಾದ್ರೂ ಇರತ್ತೆ, ಟ್ಯಾಬ್ ಹಿಡ್ಕೊಂಡು ಬಂದೋರನ್ನ ಕಂಡ್ರೆ ಮೊದ್ಲು ನೆನಪಾಗೋದು ಅದೇ.

ಕೊನೇ ಸಾಲು, ಊರಿನ ಹೆಸರು ಬರೆಯಲ್ಲ ಅನ್ನೋದು, ಹೇಳೋದು ಸುಲಭ, ಉಳಿಸ್ಕೊಳ್ಳೋದು ಕಷ್ಟ. 150 ಮನೆ ಇರೋ ಊರಲ್ಲಿ ಹೆಸರು ತೆಗೆದ್ರೂ "62 ವರ್ಷ, ನಿವೃತ್ತ ಮೇಷ್ಟ್ರು, ಸ್ವಂತ ಬೋರ್‌ವೆಲ್, ಬೆನ್ನು ಬಾಗಿದೆ" ಅಂತ ನಾಲ್ಕು ಕಾಲಂ ಇದ್ರೆ ಸಾಕು, ಊರಿನ ಯಾವ ಹುಡುಗನೂ ಅದ್ಯಾರು ಅಂತ ಹೇಳ್ತಾನೆ. ಹಂಗಾಗಿ ವಯಸ್ಸನ್ನ ಹತ್ತತ್ತು ವರ್ಷದ ಗುಂಪು ಮಾಡಿ, ಕೆಲ್ಸವನ್ನ ವ್ಯವಸಾಯ, ಕೂಲಿ, ಸಂಬಳ ಅಂತ ಇಷ್ಟಕ್ಕೇ ನಿಲ್ಲಿಸಿ, ಒಂದು ಗುಂಪಲ್ಲಿ ಒಬ್ಬಿಬ್ಬರೇ ಇದ್ರೆ ಪಕ್ಕದ ಗುಂಪಿಗೆ ಸೇರ್ಸಿ. ಜಿಪಿಎಸ್ ಇನ್ನೂ ಅಪಾಯ. ಟ್ಯಾಬ್‌ನ ಆಪ್ ತಾನೇ ತಾನಾಗಿ ಆರು ದಶಾಂಶದ ತನಕ ಬರ್ಕೊಳ್ಳತ್ತೆ, ಅದನ್ನ ಮ್ಯಾಪಲ್ಲಿ ಹಾಕಿದ್ರೆ ಆ ಮನೆ ಮಾಳಿಗೆ ಮೇಲೇ ಚುಕ್ಕೆ ಬೀಳತ್ತೆ. ಎರಡು ದಶಾಂಶಕ್ಕೆ ಕತ್ತರಿಸಿದ್ರೆ ಸುಮಾರು ಒಂದು ಕಿಲೋಮೀಟರ್ ಆಜುಬಾಜು ಆಗತ್ತೆ, ಹಂಚಿಕೊಳ್ಳೋ ಫೈಲಲ್ಲಿ ಅಷ್ಟು ಸಾಕು.

ಆದ್ರೆ ನಿಜವಾಗ್ಲೂ ಗುಟ್ಟು ಹೊರಗೆ ಹೋಗೋದು ಇದ್ಯಾವುದರಿಂದಲೂ ಅಲ್ಲ, ವಾಟ್ಸಪ್‌ನಿಂದ. ಸಂಜೆ ಆದ್ರೆ ಟೀಮ್ ಗ್ರೂಪಿಗೆ "ಇವತ್ತು 8 ಮನೆ ಆಯ್ತು" ಅಂತ ಹೆಬ್ಬೆಟ್ಟು ಒತ್ತಿದ ಫಾರ್ಮ್‌ಗಳ ಫೋಟೋ ಹಾಕ್ತಾರೆ, ಹೆಸರು, ಊರು, ನಂಬರ್ ಎಲ್ಲಾ ಒಂದೇ ಹಾಳೇಲಿ. ಆ ಫೋಟೋ ಗ್ರೂಪಲ್ಲಿರೋ ಎಲ್ರ ಗ್ಯಾಲರಿಗೂ ಇಳಿಯತ್ತೆ, ಅಲ್ಲಿಂದ ಅವರವ್ರ ಕ್ಲೌಡ್ ಬ್ಯಾಕಪ್‌ಗೆ ಹೋಗತ್ತೆ, ಪ್ರಾಜೆಕ್ಟ್ ಮುಗಿದು ಎರಡು ವರ್ಷ ಆದ್ಮೇಲೂ ಯಾರ್ದೋ ಹಳೇ ಫೋನಲ್ಲಿ ಇರತ್ತೆ. ಹಲ್ಲಿನ ಫೋಟೋಗಳದ್ದೂ ಇದೇ ಕಥೆ. ಆದ್ರಿಂದ ಫೋಟೋ, ರೆಕಾರ್ಡಿಂಗ್ ಪ್ರಾಜೆಕ್ಟಿನ ಟ್ಯಾಬಲ್ಲೇ ತೆಗೀರಿ, ಬ್ಯಾಕಪ್ ಆಫ್ ಮಾಡಿ, ಗ್ರೂಪಿಗೆ ಎಷ್ಟು ಮನೆ ಆಯ್ತು ಅನ್ನೋ ಸಂಖ್ಯೆ ಮಾತ್ರ. ಇದನ್ನ ಟೀಮಿಗೆ ಬಾಯಲ್ಲಿ ಹೇಳಿ ಬಿಟ್ರೆ ಸಾಲದು, ವಾರಕ್ಕೊಂದ್ಸಲ ಗ್ರೂಪ್ ತೆಗೆದು ನೋಡಿ, ಫೋಟೋ ಕಂಡ್ರೆ ಗೊತ್ತಾಗತ್ತೆ.

ನೀರಿನ ರಿಸಲ್ಟ್ ಬಗ್ಗೆ ಎರಡು ಬೇರೆ ಬೇರೆ ಮಾತು ಬೇಕು, ಇದನ್ನ ಎಷ್ಟೋ ಜನ ಒಂದೇ ಮಾಡ್ತಾರೆ. ಊರಿನ ಟ್ಯಾಂಕು, ಶುದ್ಧ ನೀರಿನ ಘಟಕ ಇವು ಎಲ್ರದ್ದು, ಅವುಗಳ ರಿಸಲ್ಟ್ ಮುಚ್ಚಿಡೋದು ತಪ್ಪು. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ. ಅದಕ್ಕಿಂತ ಜಾಸ್ತಿ ಬಂದ್ರೆ ಪಂಚಾಯ್ತಿಗೆ ಬರೆದು ಕೊಡ್ತೀವಿ ಅಂತ ಮೊದ್ಲೇ ಹೇಳಿ. ಸ್ವಂತ ಬೋರಿನ ರಿಸಲ್ಟ್ ಮಾತ್ರ ಆ ಮನೆಯೋರಿಗಷ್ಟೇ. ಕೊಡೋವಾಗ ಕುದಿಸಿ ಕುಡಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಗಟ್ಟಿ ಆಗತ್ತೆ ಅನ್ನೋದನ್ನೂ ಹೇಳಿ, ಯಾಕಂದ್ರೆ ರಿಸಲ್ಟ್ ಕೇಳಿದ ತಕ್ಷಣ ಎಲ್ರೂ ಮಾಡೋ ಮೊದಲ ಕೆಲ್ಸ ಅದೇ.

ಇನ್ನು ಕೊಟ್ಟ ಒಪ್ಪಿಗೆ ವಾಪಸ್ ಪಡೆಯೋದು. "ಯಾವಾಗ ಬೇಕಾದ್ರೂ ಹಿಂದೆ ಸರೀಬಹುದು" ಅಂತ ಬರೀತಾರೆ, ಅದೂ ಪೂರ್ತಿ ನಿಜ ಅಲ್ಲ. ಹೆಸರು ಮತ್ತು ನಂಬರ್ ಜೋಡಿಸೋ ಪಟ್ಟಿ ಇರೋ ತನಕ ಮಾತ್ರ ಒಬ್ಬರ ಡೇಟಾ ಹುಡುಕಿ ತೆಗೀಬಹುದು, ಪಟ್ಟಿ ಸುಟ್ಟ ಮೇಲೆ ಯಾವುದು ಯಾರ್ದು ಅಂತ ನಿಮ್ಗೂ ಗೊತ್ತಾಗಲ್ಲ. ಅದಕ್ಕೆ ಒಂದು ಗಡುವು ಹೇಳಿ, ತಾರೀಕಿಗಿಂತ ಹಬ್ಬ ನೆನಪಿರತ್ತೆ: "ಬರೋ ದೀಪಾವಳಿ ತನಕ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ ಸಾಕು, ನಾವೇ ಫೋನ್ ಮಾಡ್ತೀವಿ, ತೆಗೀರಿ ಅಂದ್ರೆ ನಿಮ್ದೆಲ್ಲ ತೆಗೀತೀವಿ, ಯಾಕೆ ಅಂತ ಕೇಳಲ್ಲ. ದೀಪಾವಳಿ ಆದ್ಮೇಲೆ ಹೆಸರಿನ ಪಟ್ಟಿ ನಾಶ ಮಾಡ್ತೀವಿ, ಆಮೇಲೆ ನಿಮ್ದು ಯಾವುದು ಅಂತ ನಮಗೂ ಗೊತ್ತಾಗಲ್ಲ." ಆ ನಂಬರ್ ಡಿಪಾರ್ಟ್‌ಮೆಂಟಿನದ್ದಾಗಿರ್ಲಿ. ನಿಮ್ಮ ಸಿಮ್ ನೀವು ಕೋರ್ಸ್ ಮುಗಿಸಿ ಹೋದ್ರೆ ಬದಲಾಗತ್ತೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆನೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೆ ಆಗ್ಬೇಕು ಅನ್ನತ್ತೆ. ಸಂಶೋಧನೆಗೆ ಅದ್ರಲ್ಲಿ ವಿನಾಯ್ತಿ ಇದೆ, ಆದ್ರೆ ಶರತ್ತಿನ ಮೇಲೆ, ಆ ಡೇಟಾದಿಂದ ಒಬ್ಬ ವ್ಯಕ್ತಿ ಬಗ್ಗೆ ಯಾವ ನಿರ್ಧಾರನೂ ತಗೋಬಾರ್ದು, ನಿಗದಿ ಮಾಡಿದ ಮಾನದಂಡ ಪಾಲಿಸ್ಬೇಕು. ಆ ವಿನಾಯ್ತಿ ನೆಚ್ಕೊಂಡು ಸ್ಕ್ರಿಪ್ಟ್ ಸಡಿಲ ಮಾಡ್ಬೇಡಿ.

ಇಷ್ಟೆಲ್ಲ ಹೇಳಿ "ಅರ್ಥ ಆಯ್ತಾ ಅಮ್ಮ" ಅಂತ ಕೇಳಿದ್ರೆ ಆಯ್ತು ಅಂತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಅವ್ರ ಬಾಯಿಂದ ಹೇಳಿಸ್ಬೇಕು, ಆದ್ರೆ ಪರೀಕ್ಷೆ ತಗೊಂಡಂಗೆ ಇರ್ಬಾರ್ದು. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಕೋಬೇಕು" ಅಂತ ಶುರು ಮಾಡಿ. ಒಂದು ಮನೇಲಿ ಇದು ಹೆಂಗ್ ನಡೆಯತ್ತೆ ಅಂತ ಬರೀತೀನಿ, ಇಂಥ ಮನೆ ನಿಮ್ಗೆ ಸಿಕ್ಕೇ ಸಿಗತ್ತೆ.

ಅರವತ್ತು ದಾಟಿದ ಅಮ್ಮ, ಮಗ, ಸೊಸೆ. ಮಗ ಜಗಲಿ ಮೇಲೆ ಕೂತ್ಕೊಂಡೇ "ಬರ್ಕಳ್ರಿ ಸಾರ್, ನಮ್ಮವ್ವ ಏನೂ ಅನ್ನಲ್ಲ" ಅಂತಾನೆ. ಅವನಿಗೆ ಎದುರಾಡ್ಬೇಡಿ, "ನಿಮ್ಮ ಮಾತು ಸರಿ ಅಣ್ಣ, ಆದ್ರೆ ಅಮ್ಮಂದು ಅಮ್ಮನೇ ಹೇಳ್ಬೇಕು ಅಂತ ನಮ್ಗೆ ನಿಯಮ ಐತೆ" ಅಂತ ನಿಯಮದ ಮೇಲೆ ಹಾಕಿ, ಅವನಿಗೂ ಮುಖ ಉಳಿಯತ್ತೆ. ಅಮ್ಮನ ಜೊತೆ ಪಡಸಾಲೇಲಿ ಕೂತು ಎಲ್ಲಾ ಹೇಳಿ ಆಯ್ತು. ಆಮೇಲೆ ಕೇಳಿದ್ರಿ: "ನಾನು ಹೋದ್ಮೇಲೆ ಪಕ್ಕದ ಮನೆಯೋರು ಅವ್ರು ಯಾಕೆ ಬಂದಿದ್ರು ಅಂತ ಕೇಳಿದ್ರೆ ಏನ್ ಹೇಳ್ತೀರ ಅಮ್ಮ?" ಅವ್ರು, "ನೀರು ನೋಡಿ ಮಂಡಿ ನೋವಿಗೆ ಮಾತ್ರೆ ಕಳಿಸ್ತಾರಂತೆ ಅಂತೀನಿ." ನೋಡಿ, ಔಷಧಿ ಇಲ್ಲ ಅಂತ ಹೇಳಿಯೂ ಹಿಂಗೆ. ಇಲ್ಲಿ ಫಾರ್ಮ್ ಮುಂದಕ್ಕೆ ತಳ್ಳೋ ಹಂಗಿಲ್ಲ, ಆ ಒಂದು ಭಾಗ ಮಾತ್ರ ಮತ್ತೆ ಹೇಳಿ, ಬೇರೆ ಮಾತಲ್ಲಿ: "ಇಲ್ಲಮ್ಮ, ಮಾತ್ರೆ ಬರಲ್ಲ, ನೋವಿಗೆ ನೀವು ಆಸ್ಪತ್ರೆಗೇ ಹೋಗ್ಬೇಕು, ನಾವು ನೀರು ಹೆಂಗೈತೆ ಅಂತ ಮಾತ್ರ ನೋಡೋರು." ಎರಡನೇ ಪ್ರಶ್ನೆ: "ಈಗ ನೀವು ಬೇಡ ಅಂದ್ರೆ ಏನಾಗತ್ತೆ?" ಸ್ವಲ್ಪ ಹೊತ್ತು ಸುಮ್ನಿದ್ದು, "ನೀವು ಅಷ್ಟು ದೂರದಿಂದ ಬಂದೀರ, ಬೇಜಾರಾಗತ್ತಲ್ಲ." ಅವ್ರ ಒಪ್ಪಿಗೆ ಯಾವುದ್ರ ಮೇಲೆ ನಿಂತಿದೆ ಅನ್ನೋದು ಈಗ ಹೊರಗೆ ಬಂತು. "ಬೇಡ ಅನ್ನೋರು ಎಲ್ಲಾ ಊರಲ್ಲೂ ಇರ್ತಾರೆ ಅಮ್ಮ, ಅದನ್ನೂ ಲೆಕ್ಕಕ್ಕೆ ಇಟ್ಕೊಂಡೇ ಬಂದಿರ್ತೀವಿ, ನಂಗೆ ತೊಂದ್ರೆ ಆಗಲ್ಲ." ಮೂರನೇದು: "ನೀವು ಹೇಳಿದ್ದು ಯಾರ್ಯಾರಿಗೆ ಗೊತ್ತಾಗತ್ತೆ?" ಅದನ್ನ ಸರಿಯಾಗಿ ಹೇಳಿದ್ರು, ನಿಂಗೆ, ನಿಮ್ಮ ಮೇಷ್ಟ್ರಿಗೆ, ಆ ಕಮಿಟಿಯೋರಿಗೆ ಅಂತ. ಕೊನೆಗೆ ಒಂದೊಂದಾಗಿ ಕೇಳಿದಾಗ ಪ್ರಶ್ನೆಗೆ ಹೂಂ, ನೀರಿಗೆ ಹೂಂ, ಡಬ್ಬಿಗೆ ಹೂಂ, ಫೋಟೋ ಬೇಡ ಕಣಪ್ಪ. ನಾಲ್ಕನೇ ಬಾಕ್ಸಲ್ಲಿ ಇಲ್ಲ ಅಂತ ಗುರುತು ಹಾಕಿ, ಒಂದೇ ಒಂದು ಫೋಟೋ ಅಮ್ಮ ಅಂತ ಇನ್ನೊಮ್ಮೆ ಕೇಳ್ಬೇಡಿ. ಎರಡು ಸಲ ತಿದ್ದಿದ್ಮೇಲೂ ಔಷಧಿ ಬರತ್ತೆ ಅಂತಲೇ ಅಂದ್ರೆ ಆ ಮನೆ ಬಿಟ್ಬಿಡಿ, ಅವ್ರು ಒಪ್ತಿರೋದು ನಿಮ್ಮ ಸ್ಟಡಿಗಲ್ಲ.

ಸಾಕ್ಷಿ. ಓದೋಕೆ ಬರದೋರ ಹೆಬ್ಬೆಟ್ಟಿಗೆ ಓದೋಕೆ ಬರೋ, ನಿಮ್ಮ ಟೀಮಿಗೆ ಸೇರದ ಒಬ್ಬ ಸಾಕ್ಷಿ ಇರ್ಬೇಕು, ಮೊದಲಿಂದ ಕೊನೆ ತನಕ ಕೂತು ಕೇಳಿರ್ಬೇಕು, ಕೊನೆಗೆ ಸೈನ್ ಹಾಕೋಕೆ ಮಾತ್ರ ಕರೆಯೋದಲ್ಲ. ಈ ಮನೇಲಿ ಹತ್ತನೇ ಕ್ಲಾಸ್ ಓದಿದ ಸೊಸೆ ಕೈಗೆ ಸಿಕ್ತಾಳೆ, ಆದ್ರೆ ಅತ್ತೆ ಉತ್ತರ ಸೊಸೆ ಮುಂದೆ, ಸೊಸೆ ಉತ್ತರ ಅತ್ತೆ ಮುಂದೆ ಬದಲಾಗತ್ತೆ, ಹಂಗಾಗಿ ಯಾರು ಕೂತ್ರೆ ಸರಿ ಅಂತ ಅಮ್ಮನ್ನೇ ಕೇಳಿ. ಸಾಕ್ಷಿ ಒಪ್ಪಿಗೆ ಮಾತಿಗೆ ಮಾತ್ರ, ಪ್ರಶ್ನೆ ಶುರು ಆದ್ಮೇಲೆ ಎದ್ದು ಹೋಗ್ಬೇಕು. ಹೆಬ್ಬೆಟ್ಟು ಬದ್ಲು ಧ್ವನಿ ರೆಕಾರ್ಡ್ ಮಾಡೋದಾದ್ರೆ ಅದಕ್ಕೂ ಕಮಿಟಿ ಅನುಮತಿ ಬೇಕು, ಮೊಬೈಲ್ ಆನ್ ಮಾಡೋ ಮುಂಚೆ ಕೇಳ್ಬೇಕು, ರೆಕಾರ್ಡಿಂಗಲ್ಲಿ ಹೆಸರು ಹೇಳದೆ ನಂಬರ್ ಹೇಳಿ. ಧ್ವನಿ ಕೇಳಿದ್ರೆ ಊರಿನೋರಿಗೆ ಯಾರು ಅಂತ ಗೊತ್ತಾಗತ್ತೆ, ಅದನ್ನ ಹೆಸರಿನ ಪಟ್ಟಿ ಜೊತೆ ಇಡಿ, ಉತ್ತರಗಳ ಜೊತೆ ಬೇಡ.

ತಾಂಡಾಗಳಲ್ಲಿ ಲಂಬಾಣಿ, ಮೊಳಕಾಲ್ಮೂರು, ಚಳ್ಳಕೆರೆ ಗಡಿ ಊರುಗಳಲ್ಲಿ ತೆಲುಗು ಮನೆಮಾತು ಇರೋರು ಸಿಗ್ತಾರೆ, ವಯಸ್ಸಾದ ಹೆಂಗಸರಿಗೆ ಕನ್ನಡ ಸಂತೆ ವ್ಯವಹಾರಕ್ಕಷ್ಟೇ. ಅಲ್ಲಿ ಆ ಮಾತು ಬರೋ ಫೀಲ್ಡ್ ಹುಡುಗೀನೇ ಸ್ಕ್ರಿಪ್ಟ್ ಹೇಳ್ಬೇಕು, ಮಗನ ಕೈಲಿ ತರ್ಜುಮೆ ಮಾಡ್ಸಿದ್ರೆ ಬೇಡ ಅನ್ಬಹುದು ಅನ್ನೋ ಮಾತೇ ಮಧ್ಯದಲ್ಲಿ ಬಿಟ್ಟೋಗತ್ತೆ. ಮಕ್ಕಳ ಹಲ್ಲು ನೋಡೋ ಪ್ಲಾನ್ ಇದ್ರೆ ಸ್ಕೂಲ್ ಹೆಡ್‌ಮೇಷ್ಟ್ರ ಅನುಮತಿ ಅಪ್ಪ ಅಮ್ಮನ ಒಪ್ಪಿಗೆ ಆಗಲ್ಲ, ಅದ್ರ ಜೊತೆಗೆ 7ರಿಂದ 11 ವರ್ಷದ ಮಗು ಬಾಯಲ್ಲಿ, 12ರಿಂದ 18ರೋರು ಬರಹದಲ್ಲಿ ತಾವೂ ಹೂಂ ಅನ್ಬೇಕು, ಮಗು ತಲೆ ಅಲ್ಲಾಡಿಸಿ ಬೇಡ ಅಂದ್ರೆ ಅಲ್ಲಿಗೆ ಮುಗೀತು.

ಸ್ಕ್ರಿಪ್ಟ್ ರೆಡಿ ಆದ್ಮೇಲೆ ಸ್ಟಡಿಗೆ ಸೇರದ ಒಂದು ಊರಲ್ಲಿ ನಾಲ್ಕೈದು ಜನಕ್ಕೆ ಹೇಳಿ ನೋಡಿ, ಸ್ಯಾಂಪಲ್ ಏನೂ ತಗೋಬೇಡಿ, ಆ ಮೂರು ಪ್ರಶ್ನೆ ಮಾತ್ರ ಕೇಳಿ, ಅವ್ರು ಹೇಳಿದ್ದನ್ನ ಹೇಳಿದಂಗೇ ಬರ್ಕೊಳ್ಳಿ. ಇದನ್ನ ಮಾಡ್ತೀವಿ ಅಂತ ಕಮಿಟಿಗೆ ಮೊದ್ಲೇ ತಿಳಿಸಿರಿ. ಒಂದೇ ಜಾಗದಲ್ಲಿ ಇಬ್ಬರು ಎಡವಿದ್ರೆ ಆ ಸಾಲು ಬದಲಾಯಿಸಿ. ಬದಲಾಯಿಸಿದ ಸ್ಕ್ರಿಪ್ಟ್, ಒಂದು ಪುಟದ ಚೀಟಿ, ಮೂರು ಪ್ರಶ್ನೆ, ಎಲ್ಲಾ ಕಮಿಟಿಗೆ ಮತ್ತೆ ಕಳಿಸ್ಬೇಕು, 6 ಪುಟದ ಫಾರ್ಮಿಗೆ ಸಿಕ್ಕ ಅನುಮತಿ ಇದಕ್ಕೆ ಅನ್ವಯ ಆಗಲ್ಲ. ಅನುಮತಿ ಪತ್ರ ಕೈಗೆ ಬರೋ ತನಕ ಹೊಸ ಮನೆ ಸೇರಿಸ್ಕೋಬೇಡಿ, ಬಂದ್ಮೇಲೆ ಸ್ಕ್ರಿಪ್ಟಿನ ಮೇಲ್ಗಡೆ ವರ್ಷನ್ ನಂಬರು, ತಾರೀಕು ಹಾಕಿ ಹಳೇ ಪ್ರತಿಗಳನ್ನೆಲ್ಲ ಟೀಮಿನ ಬ್ಯಾಗುಗಳಿಂದ ವಾಪಸ್ ಇಸ್ಕೊಳ್ಳಿ.